ಬಸ್ ಸ್ಟ್ಯಾಂಡ್ ರಸ್ತೆಯ ಆ ಬಿಲ್ಡಿಂಗ್ ನಿಜಕ್ಕೂ 70 ಅಡಿ ಇದೆಯಾ? ಫೋಟೋ ನೋಡಿ ಲೆಕ್ಕ ಹಾಕೋಣ

ಕಳೆದ ವಾರದಿಂದ ನಮ್ಮೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೋ ಓಡಾಡ್ತಿದೆ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಹೊಸದಾಗಿ ಎದ್ದಿರುವ ಕಮರ್ಷಿಯಲ್ ಕಾಂಪ್ಲೆಕ್ಸಿನ ಫೋಟೋ. ಕೆಳಗೆ ಬರೆದಿರೋದು ಇಷ್ಟು: "ಆರು ಫ್ಲೋರ್, 70 ಅಡಿ, ಫೈರ್ ಎನ್‌ಒಸಿ ಇಲ್ಲ, ಪುರಸಭೆ ನಿದ್ದೆ ಮಾಡ್ತಿದೆ." ಅಕ್ಕಪಕ್ಕದ ಅಂಗಡಿಯವರು ಇದನ್ನು ಫಾರ್ವರ್ಡ್ ಮಾಡ್ತಿದ್ದಾರೆ. ಮಾಲೀಕರ ಕಡೆಯವರು "ಎಲ್ಲಾ ಸುಳ್ಳು, 40 ಅಡಿನೂ ಇಲ್ಲ" ಅಂತ ಉತ್ತರ ಕೊಡ್ತಿದ್ದಾರೆ. ಟೇಪ್ ಹಿಡಿದು ಅಳೆದವರು ಮಾತ್ರ ಎರಡೂ ಕಡೆ ಒಬ್ಬರೂ ಇಲ್ಲ.

ಕಟ್ಟಡದ ಹೆಸರು, ಮಾಲೀಕರ ಹೆಸರು ಇಲ್ಲಿ ಹಾಕುತ್ತಿಲ್ಲ. ತಪ್ಪು ಸಾಬೀತಾಗಿಲ್ಲ, ಊರಿನವರಿಗೆ ಯಾವ ಕಟ್ಟಡ ಅಂತ ಹೇಳಬೇಕಾಗಿಯೂ ಇಲ್ಲ. ಪ್ರಶ್ನೆ ಬೇರೆ: ರಸ್ತೆಯಿಂದ ತೆಗೆದ ಒಂದು ಫೋಟೋ ಇಟ್ಟುಕೊಂಡು ಎತ್ತರದ ಬಗ್ಗೆ ಎಷ್ಟು ಹೇಳಬಹುದು, ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು?

ಈ ಜಗಳದಲ್ಲಿ ನಿಜವಾಗಿ ಮುಖ್ಯವಾದ ಸಂಖ್ಯೆ 70 ಅಡಿಯೂ ಅಲ್ಲ, 40 ಅಡಿಯೂ ಅಲ್ಲ, 15 ಮೀಟರ್. ಅಂದರೆ 49 ಅಡಿ ಚಿಲ್ಲರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಕಟ್ಟಡ ಅಂತ ಕರೆಯುತ್ತದೆ. ಆ ಗೆರೆ ದಾಟಿದರೆ ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲು, ನೀರಿನ ಟ್ಯಾಂಕು, ಮಹಡಿ ಮಹಡಿಗೂ ಹೋಗುವ ನೀರಿನ ಪೈಪು, ಎಲ್ಲದರ ಲೆಕ್ಕ ಬದಲಾಗುತ್ತದೆ. ಅಳತೆ ಎಲ್ಲಿಂದ ಎಲ್ಲಿಗೆ ಅನ್ನೋದನ್ನೂ ಅದರಲ್ಲೇ ಹೇಳಿದೆ: ಕಟ್ಟಡದ ಸುತ್ತಲಿನ ನೆಲದ ಸರಾಸರಿ ಮಟ್ಟದಿಂದ, ಜನ ಬಳಸುವ ಕೊನೆಯ ಮಹಡಿಯ ಟೆರೇಸಿನವರೆಗೆ. ಈ ಎರಡು ತುದಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಮಹಡಿ ಎಣಿಸೋಣ

ಫೋಟೋದಿಂದ ಎತ್ತರ ಅಂದಾಜು ಮಾಡೋದಕ್ಕೆ ಜಗತ್ತಿನ ಎಲ್ಲಾ ಕಡೆ ಬಳಸುವ ಸುಲಭ ದಾರಿ ಒಂದೇ. ಮಹಡಿ ಎಣಿಸಿ, ಒಂದು ಮಹಡಿಗೆ ಇಷ್ಟು ಅಂತ ಗುಣಿಸಿ. ಇದರಲ್ಲಿ ಒಂದು ಒಳ್ಳೆ ಗುಣ ಇದೆ. ನಾವು ರಸ್ತೆಯಲ್ಲಿ ನಿಂತು ಮೊಬೈಲ್ ಮೇಲಕ್ಕೆತ್ತಿ ಫೋಟೋ ತೆಗೆದರೆ ಮೇಲಿನ ಮಹಡಿಗಳು ಕುಗ್ಗಿ ಕಾಣುತ್ತವೆ, ಕಟ್ಟಡ ಹಿಂದಕ್ಕೆ ವಾಲಿದ ಹಾಗೆ ಕಾಣುತ್ತದೆ. ಸ್ಕೇಲ್ ಇಟ್ಟು ಅಳೆದರೆ ಲೆಕ್ಕ ಕೆಡುತ್ತದೆ. ಆದರೆ ಎಷ್ಟೇ ಕುಗ್ಗಿದರೂ ನಾಲ್ಕು ಮಹಡಿ ನಾಲ್ಕಾಗಿಯೇ ಇರುತ್ತದೆ. ಎಣಿಕೆಗೆ ಕ್ಯಾಮೆರಾ ಮೋಸ ಮಾಡೋದಿಲ್ಲ.

ಮೋಸ ಮಾಡೋದು ಎಲಿವೇಷನ್. ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ "ಆರು ಫ್ಲೋರ್" ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಕೆಳಗಡೆ ಶಟರ್ ಸಾಲು. ಅದರ ಮೇಲೆ ಒಂದು ಗಿಡ್ಡ ಗಾಜಿನ ಪಟ್ಟಿ. ಅದರ ಮೇಲೆ ಮೂರು ಸಾಲು ಕಿಟಕಿ. ಎಲ್ಲಕ್ಕೂ ಮೇಲೆ ನೀಲಿ ಶೀಟಿನ ಮಾಡು. ಶಟರ್ ಒಂದು, ಗಾಜು ಒಂದು, ಕಿಟಕಿ ಮೂರು, ಶೀಟು ಒಂದು, ಒಟ್ಟು ಆರು. ಆರನ್ನು ಹನ್ನೊಂದೂವರೆ ಅಡಿಯಿಂದ ಗುಣಿಸಿದರೆ 69. ಅದನ್ನೇ ಯಾರೋ ದುಂಡಗೆ 70 ಮಾಡಿದ್ದಾರೆ.

ಆದರೆ ಆ ಗಾಜಿನ ಪಟ್ಟಿ ಮಹಡಿಯಲ್ಲ, ಅಂಗಡಿಯೊಳಗಿನ ಅಟ್ಟ. ನಮ್ಮ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳಲ್ಲಿ ಸ್ಟಾಕ್ ಇಡೋದಕ್ಕೆ ಕಬ್ಬಿಣದ ಏಣಿ ಹತ್ತಿ ಹೋಗ್ತೀವಲ್ಲ, ಅದೇ. ಅಟ್ಟ ಮಾಡಬೇಕು ಅಂತಲೇ ಗ್ರೌಂಡ್ ಫ್ಲೋರನ್ನು ಎತ್ತರಿಸಿ ಕಟ್ಟಿರುತ್ತಾರೆ. ಹೊರಗಿನಿಂದ ಗುರುತಿಸೋದು ಹೇಗೆ? ಕಟ್ಟಡದ ಪಕ್ಕದ ಗೋಡೆ ನೋಡಿ. ಪ್ರತಿ ಮೋಲ್ಡ್ ಬಂದಲ್ಲೂ ಕಾಂಕ್ರೀಟ್ ಬೀಮಿನ ಅಡ್ಡಪಟ್ಟಿ ಕಾಣುತ್ತದೆ. ಈ ಕಟ್ಟಡದ ಪಕ್ಕದ ಗೋಡೆಯಲ್ಲಿ ಅಂಥ ಅಡ್ಡಪಟ್ಟಿ ನಾಲ್ಕೇ ಇವೆ. ಗಾಜಿನ ಪಟ್ಟಿಯ ನೇರಕ್ಕೆ ಯಾವ ಬೀಮೂ ಇಲ್ಲ. ಅಂದರೆ ಮೋಲ್ಡ್ ನಾಲ್ಕು. ಗ್ರೌಂಡ್ ಜೊತೆ ಮೂರು. ಶೀಟಿನ ವಿಷಯಕ್ಕೆ ಕೊನೆಗೆ ಬರ್ತೀನಿ, ಅದೇ ಇಲ್ಲಿ ದೊಡ್ಡ ಕಥೆ.

ಒಂದು ಮಹಡಿಗೆ ಎಷ್ಟು?

ಇಲ್ಲಿ ಹತ್ತು ಅಡಿ ಅಂತ ಕಣ್ಣು ಮುಚ್ಚಿ ಗುಣಿಸೋರೇ ಜಾಸ್ತಿ. ಮನೆಗಳಿಗೆ ಅದು ಹೆಚ್ಚೂಕಡಿಮೆ ಸರಿ. ವಾಸದ ಕೋಣೆಗೆ ನೆಲದಿಂದ ಛಾವಣಿಗೆ ಕನಿಷ್ಠ 2.75 ಮೀಟರ್ ಬೇಕು ಅಂತ ಕಟ್ಟಡ ಸಂಹಿತೆ ಹೇಳುತ್ತದೆ. ಅದಕ್ಕೆ ಮೋಲ್ಡಿನ ದಪ್ಪ, ಟೈಲ್ಸ್, ಅದರ ಕೆಳಗಿನ ಗಾರೆ ಸೇರಿಸಿದರೆ 3 ಮೀಟರ್ ಹತ್ತಿರ ಬರುತ್ತದೆ. ಎತ್ತರದ ಕಟ್ಟಡಗಳ ಪಟ್ಟಿ ಇಡುವ ಷಿಕಾಗೋದ ಸಿಟಿಬಿಯುಎಚ್ ಅನ್ನೋ ಸಂಸ್ಥೆ, ಎತ್ತರ ಗೊತ್ತಿಲ್ಲದ ಕಟ್ಟಡಕ್ಕೆ ಅಂದಾಜು ಹಾಕುವಾಗ ವಾಸದ ಮಹಡಿಗೆ 3.1 ಮೀಟರ್, ಕಚೇರಿಯ ಮಹಡಿಗೆ 3.9 ಮೀಟರ್ ಹಿಡಿಯುತ್ತದೆ. ಕಚೇರಿಯಲ್ಲಿ ಎಸಿ ಡಕ್ಟ್, ಫಾಲ್ಸ್ ಸೀಲಿಂಗ್ ಎಲ್ಲಾ ಇರುತ್ತಲ್ಲ, ಅದಕ್ಕೆ ಈ ವ್ಯತ್ಯಾಸ.

ಈ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು ಅನ್ನೋದಕ್ಕೆ ಬೆಂಗಳೂರಿನ ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ ನೋಡಿ. 25 ಮಹಡಿ. ಮೂರು ಮೀಟರಿನಿಂದ ಗುಣಿಸಿದರೆ 75 ಮೀಟರ್. ದಾಖಲೆಯಲ್ಲಿರುವ ಎತ್ತರ ಸುಮಾರು 106 ಮೀಟರ್. ಇನ್ನು ವಿಧಾನಸೌಧ. ನೆಲದ ಮೇಲೆ ನಾಲ್ಕು ಅಂತಸ್ತು, ಗುಣಿಸಿದರೆ 12 ಮೀಟರ್. ಆದರೆ ಗುಮ್ಮಟ ಸೇರಿ ಅದು ಸುಮಾರು 46 ಮೀಟರ್, ಅಂದರೆ 150 ಅಡಿ. ದೇವಸ್ಥಾನ, ಚರ್ಚು, ಮಸೀದಿ, ಸಿನಿಮಾ ಟಾಕೀಸು, ಕಲ್ಯಾಣ ಮಂಟಪ, ಇವಕ್ಕೆಲ್ಲಾ ಮಹಡಿ ಲೆಕ್ಕ ಹಾಕೋದೇ ವ್ಯರ್ಥ.

ನಮ್ಮ ಕಾಂಪ್ಲೆಕ್ಸಿಗೆ ಬರೋಣ. ಮೂರು ಭಾಗ ಮಾಡಿಕೊಳ್ಳಬೇಕು. ಮೊದಲನೆಯದು ನೆಲದಿಂದ ಅಂಗಡಿಯ ನೆಲದವರೆಗಿನ ಪಾಯದ ಎತ್ತರ. ಇದನ್ನು ಎಲ್ಲರೂ ಮರೀತಾರೆ. ಮುಂದೆ ನಾಲ್ಕು ಮೆಟ್ಟಿಲು ಇವೆ, ಒಂದಕ್ಕೆ ಆರು ಇಂಚು ಅಂದರೂ ಎರಡು ಅಡಿ, 0.6 ಮೀಟರ್. ಎರಡನೆಯದು ಅಟ್ಟ ಇರುವ ಗ್ರೌಂಡ್ ಫ್ಲೋರ್. ಇಂಥವು ಸಾಮಾನ್ಯವಾಗಿ 13ರಿಂದ 15 ಅಡಿ, ನಡುವೆ 4.2 ಮೀಟರ್ ಹಿಡಿಯೋಣ. ಮೂರನೆಯದು ಮೇಲಿನ ಮೂರು ಮಹಡಿ. ಒಂದಕ್ಕೆ 3.2 ಮೀಟರ್ ಅಂದರೆ 9.6. ಎಲ್ಲಾ ಕೂಡಿದರೆ 14.4 ಮೀಟರ್, ಸುಮಾರು 47 ಅಡಿ.

ವಾಟ್ಸಾಪಿನ 70 ಅಡಿ ಇಲ್ಲಿಗೇ ಬಿದ್ದುಹೋಯಿತು. ಮಾಲೀಕರ ಕಡೆಯ 40 ಅಡಿಯೂ ನಿಲ್ಲೋದಿಲ್ಲ. ಆದರೆ "15 ಮೀಟರ್ ಒಳಗಿದೆ, ಮುಗೀತು" ಅನ್ನೋ ಹಾಗೂ ಇಲ್ಲ. ಯಾಕಂದ್ರೆ ನಾನು ಹಿಡಿದ ಪ್ರತಿ ಅಳತೆಗೂ ಹಿಂದೆ ಮುಂದೆ ಇದೆ. ಎಲ್ಲವನ್ನೂ ಕಡಿಮೆ ಕಡೆಗೆ ಹಿಡಿಯಿರಿ: ಪಾಯ 0.45, ಗ್ರೌಂಡ್ 3.9, ಮೇಲಿನ ಮಹಡಿ ತಲಾ 3. ಒಟ್ಟು 13.35 ಮೀಟರ್. ಎಲ್ಲವನ್ನೂ ಜಾಸ್ತಿ ಕಡೆಗೆ ಹಿಡಿಯಿರಿ: 0.75, 4.5, ತಲಾ 3.4. ಒಟ್ಟು 15.45. ಅಂದರೆ 44 ಅಡಿಯಿಂದ 51 ಅಡಿಯ ನಡುವೆ ಎಲ್ಲೋ ಇದೆ, 15 ಮೀಟರಿನ ಗೆರೆ ಸರಿಯಾಗಿ ಅದರೊಳಗೇ ಬರುತ್ತದೆ. ಒಂದು ಮಹಡಿಗೆ ಬರೀ ನಾಲ್ಕು ಇಂಚು ತಪ್ಪಿದರೂ ಮೂರು ಮಹಡಿಗೆ ಒಂದು ಅಡಿ ಆಗುತ್ತದೆ. ಇಂಥ ಕಡೆ ಫೋಟೋ ನೋಡಿ ತೀರ್ಪು ಕೊಡೋಕೆ ಹೋದರೆ ಎರಡು ಕಡೆಯವರಿಗೂ ಅನ್ಯಾಯ.

ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 9 ಜನ ಸತ್ತರು. ಅನುಮತಿ ಪಡೆದದ್ದಕ್ಕಿಂತ ಹೆಚ್ಚು ಮಹಡಿ ಕಟ್ಟಿದ್ದರು ಅಂತ ಆಮೇಲೆ ಅಧಿಕಾರಿಗಳೇ ಹೇಳಿದರು. ಅಂಥ ಕಡೆ ಮೀಟರು, ಅಡಿ ಏನೂ ಬೇಕಾಗಿರಲಿಲ್ಲ. ರಸ್ತೆಯಲ್ಲಿ ನಿಂತು ಬೆರಳು ಮಡಚಿ ಎಣಿಸಿ, ನಕ್ಷೆಯಲ್ಲಿರೋ ಸಂಖ್ಯೆ ಜೊತೆ ಹೋಲಿಸಿದ್ದರೆ ಸಾಕಿತ್ತು. ಮಹಡಿ ಎಷ್ಟು ಅನ್ನೋ ಪ್ರಶ್ನೆಗೆ ಫೋಟೋ ಗಟ್ಟಿ ಸಾಕ್ಷಿ. ಎತ್ತರ ಎಷ್ಟು ಅನ್ನೋದಕ್ಕೆ ಅದೇ ಫೋಟೋ ಬರೀ ಸುಳಿವು.

ಅಂದಾಜನ್ನು ಬಿಗಿ ಮಾಡೋದು

ಸುಳಿವನ್ನೇ ಇನ್ನಷ್ಟು ಗಟ್ಟಿ ಮಾಡೋಕೆ ಒಂದು ದಾರಿ ಇದೆ. ಇದನ್ನು ಹೇಳಿಕೊಟ್ಟಿದ್ದು ಇಲ್ಲಿಯ ಒಬ್ಬ ಗಾರೆ ಮೇಸ್ತ್ರಿ. ಫೋಟೋ ತೋರಿಸಿ ಕೇಳಿದಾಗ ಅವರು ಮುಂಭಾಗವನ್ನು ನೋಡಲೇ ಇಲ್ಲ. "ತಮ್ಮಾ, ಮುಂದೆ ಎಲ್ಲಾ ಮೇಕಪ್ಪು. ಪಕ್ಕದ ಗೋಡೆಗೆ ಪ್ಲಾಸ್ಟರ್ ಮಾಡಿಲ್ಲ ನೋಡು, ಇಟ್ಟಿಗೆ ವರಸೆ ಎಣಿಸು" ಅಂದರು.

ನಮ್ಮೂರಲ್ಲಿ ಈ ಭಾಗ್ಯಕ್ಕೆ ಕೊರತೆ ಇಲ್ಲ. ಪಕ್ಕದ ಸೈಟು ಖಾಲಿ ಇದ್ದರೆ ಆ ಕಡೆ ಗೋಡೆಗೆ ಗಾರೆ ಮೆತ್ತೋಕೆ ಯಾರೂ ದುಡ್ಡು ಹಾಕೋದಿಲ್ಲ. ಈ ಕಾಂಪ್ಲೆಕ್ಸಿನ ಬಲಗಡೆ ಗೋಡೆಯೂ ಹಾಗೇ ಬಿಟ್ಟಿದ್ದಾರೆ, ಸಾಲಿಡ್ ಬ್ಲಾಕುಗಳು ಒಂದೊಂದೂ ಕಾಣುತ್ತವೆ. ಬ್ಲಾಕಿನ ಎತ್ತರ ಎಂಟು ಇಂಚು, ಅಂದರೆ 20 ಸೆಂಟಿಮೀಟರ್. ನಡುವಿನ ಗಾರೆ ಒಂದು ಸೆಂಟಿಮೀಟರ್. ಹಾಗಾಗಿ ಒಂದು ವರಸೆಗೆ 21 ಸೆಂಟಿಮೀಟರ್. ಇದನ್ನು ನಂಬಬೇಕಾಗಿಲ್ಲ, ರಸ್ತೆ ಪಕ್ಕದಲ್ಲಿ ನಿಂತು ಕೈಗೆ ಸಿಗುವ ಹತ್ತು ವರಸೆಗೆ ಟೇಪ್ ಹಿಡಿಯಬಹುದು. ಹಿಡಿದಾಗ 2.1 ಮೀಟರ್ ಬಂತು.

ಮೇಲಿನ ಪ್ರತಿ ಮಹಡಿಯಲ್ಲೂ 13 ವರಸೆ. 13 ಸಲ 21 ಅಂದರೆ 2.73 ಮೀಟರ್. ಅದರ ಮೇಲಿನ ಬೀಮು ಎರಡು ವರಸೆಗಿಂತ ತುಸು ದಪ್ಪ ಕಾಣುತ್ತದೆ. ಒಂದೂವರೆ ಅಡಿ, 0.45 ಮೀಟರ್ ಹಿಡಿಯಬಹುದು. ಮೋಲ್ಡ್ ಬೀಮಿನ ದಪ್ಪದಲ್ಲೇ ಸೇರಿಹೋಗುತ್ತದೆ, ಅದನ್ನು ಬೇರೆ ಕೂಡಬಾರದು. ಒಂದು ಮಹಡಿಗೆ 3.18, ಮೂರಕ್ಕೆ 9.54. ಗ್ರೌಂಡ್ ಫ್ಲೋರಿನಲ್ಲಿ 18 ವರಸೆ, 3.78 ಮೀಟರ್, ಬೀಮು ಸೇರಿ 4.23. ಪಾಯ 0.6. ಒಟ್ಟು 14.37 ಮೀಟರ್.

ಮೊದಲನೇ ಅಂದಾಜಿಗೆ ಇದು ಹತ್ತಿರವೇ ಇದೆ, ಆದರೆ ಮುಖ್ಯವಾದ ಲಾಭ ಅದಲ್ಲ. ತಪ್ಪಾಗುವ ಜಾಗ ಈಗ ಕಡಿಮೆಯಾಗಿದೆ. ಒಟ್ಟು 57 ವರಸೆ. ಒಂದೊಂದು ಗಾರೆ ಸಂದಿಯಲ್ಲಿ ಎರಡು ಮಿಲಿಮೀಟರ್ ಹೆಚ್ಚಾದರೂ ಕೂಡಿದರೆ 11 ಸೆಂಟಿಮೀಟರ್ ಅಷ್ಟೇ. ಬೀಮು ತಲಾ ಐದು ಸೆಂಟಿಮೀಟರ್ ಹೆಚ್ಚಿದ್ದರೆ 20. ಮೆಟ್ಟಿಲು ಆರು ಇಂಚಿನ ಬದಲು ಏಳು ಇಂಚು ಇದ್ದರೆ ಇನ್ನೊಂದು ಹತ್ತು ಹನ್ನೆರಡು. ಎಲ್ಲಾ ಒಂದೇ ಕಡೆಗೆ ತಪ್ಪಿದರೂ 14.8 ಮೀಟರ್. ಟೆರೇಸಿನ ಮೇಲಿನ ಗಾರೆ ಪದರ ಹತ್ತು ಸೆಂಟಿಮೀಟರ್ ಸೇರಿಸಿದರೆ 14.9. ಒಂದು ಎಚ್ಚರಿಕೆ: ವರಸೆ ಎಣಿಸುವಾಗ ಮಹಡಿಗೆ ಒಂದರಂತೆ ತಪ್ಪಿದರೆ ನಾಲ್ಕು ಮಹಡಿಗೆ 84 ಸೆಂಟಿಮೀಟರ್ ಹೋಗುತ್ತದೆ. ಹಾಗಾಗಿ ಮಸುಕು ಫೋಟೋದಲ್ಲಿ ಎಣಿಸಬೇಡಿ. ಬೆಳಗ್ಗೆ ಓರೆ ಬಿಸಿಲು ಬಿದ್ದಾಗ ತೆಗೆದರೆ ಸಂದಿಗಳಲ್ಲಿ ನೆರಳು ಕೂತು ಚೆನ್ನಾಗಿ ಕಾಣುತ್ತವೆ.

ಪಕ್ಕದ ಗೋಡೆಗೆ ಪ್ಲಾಸ್ಟರ್ ಆಗಿಬಿಟ್ಟಿದ್ದರೆ? ಆಗ ಮೆಟ್ಟಿಲು. ಬಾಡಿಗೆ ಅಂಗಡಿ ಕೇಳುವ ನೆಪದಲ್ಲಿ ಒಂದು ಸಲ ಹತ್ತಿಳಿದರೆ ಆಯಿತು. ಒಂದು ಮಹಡಿಯಿಂದ ಇನ್ನೊಂದಕ್ಕೆ 21 ಮೆಟ್ಟಿಲು, ಒಂದೊಂದು 15 ಸೆಂಟಿಮೀಟರ್ ಇದ್ದರೆ 3.15 ಮೀಟರ್. ನಾಲ್ಕಾರು ಮೆಟ್ಟಿಲಿನ ಎತ್ತರಕ್ಕೆ ಟೇಪ್ ಹಿಡಿದು ಸರಾಸರಿ ತೆಗೆಯಿರಿ, ಯಾಕಂದ್ರೆ ಮೊದಲನೆಯದು ಮತ್ತು ಕೊನೆಯದು ಬಹಳ ಕಡೆ ಬೇರೆ ಅಳತೆ ಇರುತ್ತವೆ.

ಕರೆಂಟ್ ಕಂಬದ ಲೆಕ್ಕ ಯಾಕೆ ಕೈ ಕೊಡುತ್ತದೆ

ಮಾಲೀಕರ ಕಡೆಯವರು ಹೇಳಿದ 40 ಅಡಿ ಎಲ್ಲಿಂದ ಬಂತು ಅಂತಲೂ ವಿಚಾರಿಸಿದೆ. ಅವರೂ ಸುಮ್ಮನೆ ಹೇಳಿರಲಿಲ್ಲ, ಫೋಟೋದಲ್ಲಿ ಮುಂದೆ ಇರುವ ಕರೆಂಟ್ ಕಂಬದ ಜೊತೆ ಹೋಲಿಸಿದ್ದರು. ಕಂಬದ ಉದ್ದ 9 ಮೀಟರ್, ಅದರಲ್ಲಿ ಆರನೇ ಒಂದು ಭಾಗ ಮಣ್ಣೊಳಗೆ. ನೆಲದ ಮೇಲೆ 7.5 ಮೀಟರ್. ಇಲ್ಲಿಯವರೆಗೆ ಸರಿ. ಕಟ್ಟಡ ಕಂಬದ ಒಂದೂವರೆ ಪಟ್ಟು ಕಾಣುತ್ತೆ, ಹಾಗಾಗಿ 11 ಮೀಟರು ಚಿಲ್ಲರೆ, 40 ಅಡಿ ಒಳಗೆ ಅನ್ನೋದು ಅವರ ವಾದ.

ಕಂಬ ಕಟ್ಟಡಕ್ಕೆ ಅಂಟಿಕೊಂಡಿದ್ದರೆ ಈ ವಾದ ನಡೀತಿತ್ತು. ಕಂಬ ಇರೋದು ಗೋಡೆಗಿಂತ ಆರು ಮೀಟರ್ ಈಚೆ, ಚರಂಡಿಯ ಪಕ್ಕ. ಫೋಟೋ ತೆಗೆದದ್ದು ಎದುರು ಅಂಗಡಿಯ ಮುಂದಿನಿಂದ, ಗೋಡೆಯಿಂದ ಸುಮಾರು 24 ಮೀಟರ್ ದೂರ. ಅಂದರೆ ಕ್ಯಾಮೆರಾಕ್ಕೂ ಕಂಬಕ್ಕೂ 18 ಮೀಟರ್. ಹತ್ತಿರ ಇರೋದು ದೊಡ್ಡದಾಗಿ ಕಾಣುತ್ತದೆ. 24ನ್ನು 18ರಿಂದ ಭಾಗಿಸಿದರೆ 1.33. ಅಷ್ಟು ಪಟ್ಟು ಕಂಬ ಉಬ್ಬಿರುತ್ತದೆ. 7.5 ಮೀಟರ್ ಕಂಬ ಆ ಗೋಡೆಯ ಮೇಲೆ 10 ಮೀಟರಿನಷ್ಟು ಜಾಗ ಮುಚ್ಚುತ್ತದೆ. ಕಟ್ಟಡದ ನಿಜ ಎತ್ತರ 14.4 ಇದ್ದರೂ ಕಂಬದ 1.44 ಪಟ್ಟು ಮಾತ್ರ ಕಾಣುತ್ತದೆ, ಅದನ್ನೇ 7.5ರಿಂದ ಗುಣಿಸಿದರೆ 10.8 ಮೀಟರ್, 35 ಅಡಿ. ಕಟ್ಟಡ ಹನ್ನೆರಡು ಅಡಿ ಗಿಡ್ಡ ಆಗಿಹೋಯಿತು. ಮುಂದೆ ನಿಂತಿರುವ ಆಟೋ, ಜನ, ಮರ ಯಾವುದಕ್ಕೆ ಹೋಲಿಸಿದರೂ ಇದೇ ಗತಿ. ಹೋಲಿಸಲೇಬೇಕು ಅಂದರೆ ಗೋಡೆಯಲ್ಲೇ ಇರುವ ಶಟರ್ ಅಥವಾ ಏಳು ಅಡಿ ಬಾಗಿಲು ಹಿಡಿಯಿರಿ. ಅದಕ್ಕೂ ಮೊಬೈಲನ್ನು ಮೇಲಕ್ಕೆ ಬಾಗಿಸದೆ ನೆಟ್ಟಗೆ ಹಿಡಿದು, ಸಾಕಷ್ಟು ಹಿಂದೆ ಸರಿದು ತೆಗೆದ ಫೋಟೋ ಬೇಕು. ನಮ್ಮ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅಷ್ಟು ಹಿಂದೆ ಸರಿದರೆ ಎದುರಿನ ಬೇಕರಿ ಒಳಗೇ ಹೋಗಬೇಕಾಗುತ್ತದೆ.

ಈಗ ಆ ನೀಲಿ ಶೀಟು

ನಾಲ್ಕನೇ ಮೋಲ್ಡ್ ಮೇಲೆ ಪ್ಯಾರಾಪೆಟ್, ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಶೀಟು. ಪ್ಯಾರಾಪೆಟ್, ನೀರಿನ ಟ್ಯಾಂಕು, ಲಿಫ್ಟ್ ರೂಮು, ಮೆಟ್ಟಿಲ ಮೇಲಿನ ಹೆಡ್‌ರೂಮು, ಇವನ್ನು ಮಿತಿಯೊಳಗೆ ಇದ್ದಷ್ಟು ದಿನ ಎತ್ತರದ ಲೆಕ್ಕಕ್ಕೆ ಹಿಡಿಯೋದಿಲ್ಲ. ಹಾಗಾಗಿ ಬಿಸಿಲು ಮಳೆಗೆ ಅಂತ ಹಾಕಿದ ಖಾಲಿ ಶೀಟಿಗಾಗಿ "ಇನ್ನೊಂದು ಫ್ಲೋರ್" ಅಂತ ಕೂಗೋದು ಸರಿಯಲ್ಲ.

ಆದರೆ ಅಳತೆಯ ಮೇಲಿನ ತುದಿ ಏನು ಅಂತ ಹೇಳಿದ್ದೆ? ಜನ ಬಳಸುವ ಕೊನೆಯ ಮಹಡಿಯ ಟೆರೇಸು. ಆ ಶೀಟಿನ ಕೆಳಗೆ ಗೋಡೆ ಎದ್ದು, ಅಲ್ಲಿ ಟ್ಯೂಷನ್, ಜಿಮ್, ಮೆಸ್ ಅಂತ ಏನಾದರೂ ಶುರುವಾದರೆ ಕೊನೆಯ ಮಹಡಿ ಅದೇ ಅಂತ ಯಾರಾದರೂ ಹೇಳಬಹುದು, ಹೇಳಲೂಬೇಕು. ಆಗ 14.37ಕ್ಕೆ ಇನ್ನೊಂದು 2.7 ಮೀಟರ್ ಸೇರಿ 17 ದಾಟುತ್ತದೆ. ವರಸೆ, ಬೀಮು, ಮೆಟ್ಟಿಲು ಯಾವುದರಲ್ಲಿ ಎಷ್ಟೇ ತಪ್ಪು ಹಿಡಿದರೂ ಅದು 15ರ ಒಳಗೆ ಬರೋದಿಲ್ಲ.

ಸದ್ಯದ ಫೋಟೋದಲ್ಲಿ ಶೀಟಿನ ಹಿಂಭಾಗಕ್ಕೆ ಎರಡು ಕಡೆ ಗೋಡೆ ಎದ್ದಿರೋದು ಕಾಣುತ್ತದೆ, ಒಂದು ಕಡೆ ಅಲ್ಯುಮಿನಿಯಂ ಕಿಟಕಿ ಕೂರಿಸಿದ್ದಾರೆ. ಕೆಳಗಿನ ಸಜ್ಜೆಯ ಪಕ್ಕದಿಂದ ಹೊಸ ಡ್ರೈನೇಜ್ ಪೈಪೊಂದು ಟೆರೇಸಿನವರೆಗೆ ಹೋಗಿದೆ. ಬಿಸಿಲು ತಡೆಯೋಕೆ ಹಾಕಿದ ಶೀಟಿಗೆ ಟಾಯ್ಲೆಟ್ ಪೈಪು ಯಾಕೆ ಬೇಕು ಅಂತ ಮೇಸ್ತ್ರಿ ಕೇಳಿದರು, ನಾನೂ ಅದನ್ನೇ ಕೇಳ್ತಿದ್ದೀನಿ. ಮಾಲೀಕರ ಕಡೆಯವರು "ಗೋಡೌನ್‌ಗೆ" ಅಂದರು.

ಅಕ್ಕಪಕ್ಕದ ಅಂಗಡಿಯವರು ಗ್ರೂಪಿನಲ್ಲಿ ಜಗಳ ಆಡೋ ಬದಲು ಪುರಸಭೆಗೆ ಒಂದು ಆರ್‌ಟಿಐ ಅರ್ಜಿ ಹಾಕಬಹುದು. ಶುಲ್ಕ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕೇಳಬೇಕಾದದ್ದು ಮಂಜೂರಾದ ನಕ್ಷೆಯ ಪ್ರತಿ, ಮುಖ್ಯವಾಗಿ ಅದರಲ್ಲಿನ ಸೆಕ್ಷನ್ ಡ್ರಾಯಿಂಗ್. ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ಹಾಗೆ ಬರೆದ ಆ ಚಿತ್ರದಲ್ಲಿ ಪಾಯ ಎಷ್ಟು, ಒಂದೊಂದು ಮಹಡಿ ಎಷ್ಟು, ಒಟ್ಟು ಎಷ್ಟು ಅಂತ ಅಂಕಿ ಸಮೇತ ಇರುತ್ತದೆ. ಟೆರೇಸಿನ ಮೇಲೆ ಏನು ತೋರಿಸಿದ್ದಾರೆ ಅನ್ನೋದೂ ಅಲ್ಲೇ ಗೊತ್ತಾಗುತ್ತದೆ. ಈ ಕಟ್ಟಡದ ಬಳಕೆಗೆ ಯಾವ ಎತ್ತರದ ಮಿತಿ ಅನ್ವಯ ಮಾಡಿದ್ದಾರೆ, ಅಗ್ನಿಶಾಮಕದವರ ಅನುಮತಿ ಕೇಳಿದ್ದಾರೋ ಇಲ್ಲವೋ ಅನ್ನೋದನ್ನೂ ಅದೇ ಅರ್ಜಿಯಲ್ಲಿ ಕೇಳಿ. ಪುರಸಭೆ ಇಂಜಿನಿಯರ್ ಟೆರೇಸ್ ಹತ್ತಿ ಕೆಳಕ್ಕೆ ಟೇಪ್ ಇಳಿಬಿಟ್ಟರೆ ಹತ್ತು ನಿಮಿಷದ ಕೆಲಸ. ನಮ್ಮ 14.37 ಸರಿಯೋ ತಪ್ಪೋ ಅಂತ ಅವತ್ತೇ ಗೊತ್ತಾಗುತ್ತದೆ.

ಈ ವಾರ ಪುರಸಭೆಗೆ ನಾವೂ ಅರ್ಜಿ ಹಾಕಿದ್ದೇವೆ. ನಕ್ಷೆ ಕೈಗೆ ಬಂದ ದಿನ ಅದರಲ್ಲಿರುವ ಅಂಕಿಗಳನ್ನು ಇಲ್ಲೇ ಹಾಕುತ್ತೇವೆ.